ಪ್ಯಾರಸಿಟಮಾಲ್ ಜಾಸ್ತಿಯಾದಾಗ ಲಿವರ್ ಉಳಿಸುವ ಎನ್‌ಎಸಿ: ಒಳಗೆ ಏನಾಗುತ್ತದೆ, ಹೇಗೆ ಕೊಡುತ್ತಾರೆ, ಯಾವಾಗ ನಿಲ್ಲಿಸುತ್ತಾರೆ

ಮೊದಲು ತುರ್ತಿನ ಮಾತು. ನಿಮ್ಮ ಮನೆಯಲ್ಲಿ ಯಾರಾದರೂ ಈಗಷ್ಟೇ ಪ್ಯಾರಸಿಟಮಾಲ್ ಜಾಸ್ತಿ ತಗೊಂಡಿದ್ದರೆ ಇದನ್ನು ಓದುತ್ತಾ ಕೂರಬೇಡಿ. 108ಕ್ಕೆ ಫೋನ್ ಮಾಡಿ, ಇಲ್ಲವೇ ಆಟೋ ಹಿಡಿದು ದೊಡ್ಡ ಆಸ್ಪತ್ರೆಯ ಕ್ಯಾಶುವಾಲ್ಟಿಗೆ ಹೊರಡಿ. ಖಾಲಿ ಸ್ಟ್ರಿಪ್‌ಗಳನ್ನು ಜೊತೆಗೆ ಒಯ್ಯಿರಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. "ಚೆನ್ನಾಗೇ ಇದ್ದಾನಲ್ಲ, ಬೆಳಿಗ್ಗೆ ನೋಡೋಣ" ಅನ್ನಲೇಬೇಡಿ, ಯಾಕೆ ಅಂತ ಮುಂದೆ ಗೊತ್ತಾಗುತ್ತದೆ. ಮನಸ್ಸಿನ ನೋವಿನಿಂದ ತಗೊಂಡಿದ್ದರೆ ಬೈಯುವುದಕ್ಕೆ ಇದು ಹೊತ್ತಲ್ಲ. ಮಾತಾಡಬೇಕು ಅನ್ನಿಸಿದವರಿಗೆ ಟೆಲಿ ಮಾನಸ್‌ನ 14416 ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೂ ಮಾತಾಡುತ್ತಾರೆ.

ಇನ್ನು ವಿಷಯಕ್ಕೆ ಬರೋಣ. ಎನ್‌ಎಸಿ ಅಂದರೆ ಎನ್-ಅಸಿಟೈಲ್‌ಸಿಸ್ಟೀನ್, ಪ್ಯಾರಸಿಟಮಾಲ್ ಜಾಸ್ತಿಯಾದಾಗ ಲಿವರ್ ಉಳಿಸಲು ಕೊಡುವ ಮದ್ದು. ಇದನ್ನು ಬರೆಯುತ್ತಿರುವುದು ಹೊಸದಾಗಿ ಕ್ಯಾಶುವಾಲ್ಟಿ ಡ್ಯೂಟಿಗೆ ಬಂದ ಹೌಸ್ ಸರ್ಜನ್‌ಗಳಿಗೆ, ನರ್ಸಿಂಗ್ ಓದುವವರಿಗೆ, ಮತ್ತೆ "ಎರಡು ದಿನ ಅದೇನು ಡ್ರಿಪ್ ಹಾಕಿದರು" ಎಂದು ತಿಳಿಯಬೇಕೆನ್ನುವ ಮನೆಯವರಿಗೆ. ಮನೆಯಲ್ಲಿ ಮಾಡುವ ಚಿಕಿತ್ಸೆ ಇದಲ್ಲ. ಕಫ ಕರಗಿಸಲು ಮೆಡಿಕಲ್ ಶಾಪ್‌ನಲ್ಲಿ ಸಿಗುವ ಬುರುಬುರು ಮಾತ್ರೆಯಲ್ಲಿ ಇರುವುದೂ ಇದೇ ಅಸಿಟೈಲ್‌ಸಿಸ್ಟೀನ್, ನಿಜ. ಆದರೆ ಅದರ ಎರಡು ಮಾತ್ರೆ ನುಂಗಿ ಸಮಾಧಾನ ಪಟ್ಟುಕೊಂಡರೆ ಹೋಗುವುದು ಸಮಯ ಮಾತ್ರ.

ವಿಷ ಆಗುವುದು ಮಾತ್ರೆಯಲ್ಲ

ಪ್ಯಾರಸಿಟಮಾಲ್ ತಾನಾಗಿಯೇ ಲಿವರ್ ಸುಡುವುದಿಲ್ಲ. ಜ್ವರಕ್ಕೆ ಒಂದು ಮಾತ್ರೆ ತಗೊಂಡಿರಿ ಎಂದುಕೊಳ್ಳಿ. ಲಿವರ್ ಅದರ ಬಹುಪಾಲಿಗೆ ಗ್ಲುಕುರೋನೈಡ್ ಅಥವಾ ಸಲ್ಫೇಟ್ ಅಂಟಿಸಿ ಮೂತ್ರಕ್ಕೆ ಕಳಿಸಿಬಿಡುತ್ತದೆ. ಉಳಿದ ಸ್ವಲ್ಪ ಭಾಗ, ಅಂದಾಜು ಶೇಕಡ 5ರಿಂದ 10, ಬೇರೆ ದಾರಿ ಹಿಡಿಯುತ್ತದೆ. ಸೈಟೋಕ್ರೋಮ್ ಗುಂಪಿನ ಕಿಣ್ವಗಳು, ಮುಖ್ಯವಾಗಿ 2ಇ1 ಎಂಬುದು, ಅದನ್ನು ನ್ಯಾಪ್ಕಿ ಎಂಬ ವಸ್ತುವಾಗಿ ಬದಲಿಸುತ್ತವೆ. ತಂಟೆ ಮಾಡುವುದು ಈ ನ್ಯಾಪ್ಕಿ. ಕೈಗೆ ಸಿಕ್ಕ ಪ್ರೋಟೀನನ್ನು ಹಿಡಿದು ಅಂಟಿಕೊಳ್ಳುವ ಸ್ವಭಾವ ಅದರದು.

ಹಾಗಾದರೆ ದಿನಾ ಮಾತ್ರೆ ತಗೊಳ್ಳುವವರಿಗೆ ಏನೂ ಯಾಕಾಗುವುದಿಲ್ಲ? ಲಿವರ್ ಜೀವಕೋಶದಲ್ಲಿ ಗ್ಲುಟಾಥಯೋನ್ ಎಂಬ ಕಾವಲುಗಾರ ಇರುತ್ತದೆ. ಅದರಲ್ಲಿ ಗಂಧಕ ಇರುವ ಒಂದು ತುದಿ ಇದೆ. ನ್ಯಾಪ್ಕಿ ಹುಟ್ಟಿದ ಕೂಡಲೇ ಆ ತುದಿ ಅದನ್ನು ಹಿಡಿದುಕೊಳ್ಳುತ್ತದೆ, ಇಬ್ಬರೂ ಒಟ್ಟಿಗೆ ಮೂತ್ರದ ದಾರಿ ಹಿಡಿಯುತ್ತಾರೆ. ಗಮನಿಸಿ, ಕಾವಲುಗಾರನೂ ಹೋಗುತ್ತಾನೆ. ಒಂದು ನ್ಯಾಪ್ಕಿಗೆ ಒಂದು ಗ್ಲುಟಾಥಯೋನ್ ಖರ್ಚು.

ಮಾತ್ರೆ ವಿಪರೀತವಾದಾಗ ಮೊದಲು ಸಲ್ಫೇಟ್ ದಾರಿ ಕಟ್ಟಿಕೊಳ್ಳುತ್ತದೆ. ಹೆಚ್ಚಿನ ಸರಕು ಕಿಣ್ವದ ದಾರಿಗೆ ಬೀಳುತ್ತದೆ, ನ್ಯಾಪ್ಕಿ ರಾಶಿ ರಾಶಿ ಹುಟ್ಟುತ್ತದೆ, ಗ್ಲುಟಾಥಯೋನ್ ಹುಟ್ಟುವುದಕ್ಕಿಂತ ಬೇಗ ಮುಗಿಯುತ್ತಾ ಬರುತ್ತದೆ. ಸುಮಾರು ಶೇಕಡ 70ರಷ್ಟು ಖಾಲಿಯಾದ ಮೇಲೆ ಉಳಿದ ನ್ಯಾಪ್ಕಿ ಜೀವಕೋಶದ ಪ್ರೋಟೀನುಗಳಿಗೆ, ಅದರಲ್ಲೂ ಶಕ್ತಿ ತಯಾರಿಸುವ ಮೈಟೋಕಾಂಡ್ರಿಯಾದ ಪ್ರೋಟೀನುಗಳಿಗೆ ಅಂಟುತ್ತದೆ. ಅಲ್ಲಿಂದ ಕೋಶ ಸಾಯುವ ಸರಣಿ ಶುರು. ಲಿವರ್‌ನ ಎಲ್ಲ ಕಡೆಯೂ ಒಂದೇ ಸಲ ಹಾಳಾಗುವುದಿಲ್ಲ. ಪ್ರತಿ ಪುಟ್ಟ ಹಾಲೆಯ ನಡುವಿನ ರಕ್ತನಾಳದ ಸುತ್ತಲಿನ ಕೋಶಗಳು ಮೊದಲು ಸಾಯುತ್ತವೆ, ಏಕೆಂದರೆ 2ಇ1 ಕಿಣ್ವ ಜಾಸ್ತಿ ಇರುವುದೂ ಅಲ್ಲೇ, ಗ್ಲುಟಾಥಯೋನ್ ಕಡಿಮೆ ಇರುವುದೂ ಅಲ್ಲೇ.

ಪ್ಯಾರಸಿಟಮಾಲ್‌ನಿಂದ ಲಿವರ್ ಸತ್ತ ರೋಗಿಗಳ ವರದಿ ಎಡಿನ್‌ಬರೋದಿಂದ ಬಂದದ್ದು 1966ರಲ್ಲಿ. ಗ್ಲುಟಾಥಯೋನ್ ಮುಗಿಯುವುದೇ ಇದಕ್ಕೆ ಕಾರಣ ಎಂದು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಮಿಚೆಲ್, ಜಾಲೋ ಮತ್ತು ಜೊತೆಗಾರರು 1973ರಲ್ಲಿ ಪ್ರಾಣಿಗಳಲ್ಲಿ ತೋರಿಸಿದರು. ಕಾಯಿಲೆಯ ಗುಟ್ಟು ಗೊತ್ತಾದ ಮೇಲೆ ಮದ್ದು ಹುಡುಕುವುದು ಸುಲಭವಾಯಿತು, ಖಾಲಿಯಾದದ್ದನ್ನು ತುಂಬಿಸಿದರೆ ಆಯಿತಲ್ಲ.

ನೇರವಾಗಿ ಗ್ಲುಟಾಥಯೋನ್ ಯಾಕೆ ಕೊಡಬಾರದು

ಎಲ್ಲರೂ ಕೇಳುವ ಪ್ರಶ್ನೆ. ರಕ್ತಕ್ಕೆ ಹಾಕಿದ ಗ್ಲುಟಾಥಯೋನ್ ಇಡಿಯಾಗಿ ಲಿವರ್ ಕೋಶದ ಒಳಗೆ ಹೋಗುವುದಿಲ್ಲ. ಅದನ್ನು ಕೋಶ ತನ್ನೊಳಗೇ ಕಟ್ಟಿಕೊಳ್ಳಬೇಕು.

ಕಟ್ಟಲು ಮೂರು ಅಮೈನೋ ಆಮ್ಲ ಬೇಕು: ಗ್ಲುಟಮೇಟ್, ಸಿಸ್ಟೀನ್, ಗ್ಲೈಸೀನ್. ಮೊದಲನೆಯದೂ ಮೂರನೆಯದೂ ಕೋಶದಲ್ಲಿ ಸಾಕಷ್ಟಿರುತ್ತವೆ. ಕೊರತೆ ಬೀಳುವುದು ಸಿಸ್ಟೀನ್. ಅಡುಗೆಮನೆಯಲ್ಲಿ ಬೇಳೆ, ಉಪ್ಪು ಎಷ್ಟಿದ್ದರೂ ಹುಣಸೆಹಣ್ಣು ಮುಗಿದರೆ ಸಾರು ನಿಲ್ಲುತ್ತದಲ್ವಾ, ಹಾಗೆ. ಗಂಧಕ ಇರುವುದೂ ಈ ಸಿಸ್ಟೀನ್‌ನಲ್ಲೇ, ಅಂದರೆ ನ್ಯಾಪ್ಕಿಯನ್ನು ಹಿಡಿಯುವ ಕೈ ಇದರದೇ.

ಬರಿ ಸಿಸ್ಟೀನ್ ಕೊಟ್ಟರೆ ಅದು ಬೇಗ ಆಕ್ಸಿಡೀಕರಣಗೊಂಡು ಕೆಲಸಕ್ಕೆ ಬಾರದಂತಾಗುತ್ತದೆ. ಎಡಿನ್‌ಬರೋದ ಲಾರಿ ಪ್ರೆಸ್ಕಾಟ್ ಮತ್ತು ತಂಡ ಮೊದಲು ಸಿಸ್ಟಿಯಮೀನ್ ಬಳಸಿದರು. ಲಿವರ್ ಉಳಿಯಿತು, ಆದರೆ ರೋಗಿಗಳಿಗೆ ತಡೆಯಲಾಗದ ವಾಂತಿ. ಆಮೇಲೆ 1977ರಲ್ಲಿ ಅವರು ಎನ್‌ಎಸಿಯನ್ನು ರಕ್ತನಾಳಕ್ಕೆ ಕೊಟ್ಟ ಫಲಿತಾಂಶ ಪ್ರಕಟಿಸಿದರು. ಸಿಸ್ಟೀನ್‌ಗೆ ಒಂದು ಅಸಿಟೈಲ್ ಟೋಪಿ ಹಾಕಿದಂತೆ ಇದು. ಟೋಪಿ ಇರುವಷ್ಟು ಹೊತ್ತು ಹಾಳಾಗದೆ ದೇಹದಲ್ಲಿ ಓಡಾಡುತ್ತದೆ, ಲಿವರ್‌ನಲ್ಲಿ ಟೋಪಿ ತೆಗೆದು ಸಿಸ್ಟೀನ್ ಆಗುತ್ತದೆ, ಸಿಸ್ಟೀನ್ ಸಿಕ್ಕ ಕೋಶ ಗ್ಲುಟಾಥಯೋನ್ ಕಟ್ಟಲು ತೊಡಗುತ್ತದೆ. ಜೊತೆಗೆ ಸಲ್ಫೇಟ್ ದಾರಿಗೂ ಸ್ವಲ್ಪ ಗಂಧಕ ಸಿಗುತ್ತದೆ. ಆಂಪೂಲ್ ಒಡೆದ ಕೂಡಲೇ ಕೊಳೆತ ಮೊಟ್ಟೆಯ ವಾಸನೆ ಮೂಗಿಗೆ ಬಡಿಯುತ್ತದೆ. ಔಷಧಿ ಕೆಟ್ಟಿದೆ ಅಂತ ಎಸೆಯಬೇಡಿ, ಅದು ಗಂಧಕದ ವಾಸನೆ.

ಇದರಿಂದ ಒಂದು ಮಾತು ಅರ್ಥವಾಗಬೇಕು. ಎನ್‌ಎಸಿ ಪ್ಯಾರಸಿಟಮಾಲನ್ನು ಹೊರಗೆ ತೆಗೆಯುವುದಿಲ್ಲ, ಅಂಟಿಕೊಂಡ ನ್ಯಾಪ್ಕಿಯನ್ನು ಬಿಡಿಸುವುದೂ ಇಲ್ಲ. ಉಗ್ರಾಣ ಖಾಲಿಯಾಗುವ ಮುಂಚೆ ತುಂಬಿಸುತ್ತದೆ, ಅಷ್ಟೇ. ಹಾಗಾಗಿಯೇ ಮುಂದಿನ ಎಲ್ಲ ಹೆಜ್ಜೆಗಳೂ ಗಡಿಯಾರದ ಸುತ್ತ ಸುತ್ತುತ್ತವೆ.

ಹೆಜ್ಜೆ 1: ಗಂಟೆ ಎಷ್ಟು ಎಂದು ಕೇಳಿ

ಲೆಕ್ಕಕ್ಕೆ ಒಬ್ಬರನ್ನು ಕಲ್ಪಿಸಿಕೊಳ್ಳೋಣ. 50 ಕೆಜಿ ತೂಕದ ಹೆಂಗಸು. ರಾತ್ರಿ 10ಕ್ಕೆ ಒಂದೇ ಸಲ ತುಂಬಾ ಮಾತ್ರೆ ತಗೊಂಡಿದ್ದಾರೆ. ತಮ್ಮನಿಗೆ ಗೊತ್ತಾಗಿ ಕರಕೊಂಡು ಬಂದಾಗ ಬೆಳಗಿನ ಜಾವ 3.45. ಸ್ವಲ್ಪ ಓಕರಿಕೆ, ಬಿಟ್ಟರೆ ನಾಡಿ, ಬಿಪಿ, ಮಾತು ಎಲ್ಲ ಸರಿ. "ಮೇಡಂ, ನನಗೇನೂ ಆಗಿಲ್ಲ, ಮನೆಗೆ ಕಳಿಸಿ" ಅನ್ನುತ್ತಾರೆ.

ಮೊದಲ 24 ಗಂಟೆ ಹೀಗೇ ಇರುತ್ತದೆ. ಲಿವರ್ ಕೋಶ ಹಾಳಾದಾಗ ರಕ್ತಕ್ಕೆ ಸೋರುವ ಎಸ್‌ಜಿಪಿಟಿ ಎಂಬ ಕಿಣ್ವ ಏರುವುದು, ಬಲಗಡೆ ಪಕ್ಕೆ ಕೆಳಗೆ ನೋವು ಕಾಣಿಸುವುದು ಸಾಮಾನ್ಯವಾಗಿ ಎರಡನೇ ದಿನ, ಲಿವರ್ ತೀರಾ ಕೆಡುವುದು ಮೂರು ನಾಲ್ಕನೇ ದಿನ. ಚೆನ್ನಾಗಿದ್ದಾರೆ ಎಂಬ ಕಾರಣಕ್ಕೆ ಮನೆಗೆ ಕಳಿಸಿದವರು ಕಣ್ಣು ಹಳದಿಯಾಗಿ ವಾಪಸ್ ಬಂದಾಗ ಉಗ್ರಾಣ ಖಾಲಿಯಾಗಿ ದಿನಗಳೇ ಕಳೆದಿರುತ್ತವೆ.

ಕೇಳಬೇಕಾದ್ದು ಮೂರು. ಎಷ್ಟು ಹೊತ್ತಿಗೆ ತಗೊಂಡರು? ಒಂದೇ ಸಲವೋ, ಬಿಟ್ಟು ಬಿಟ್ಟೋ? ಜೊತೆಗೆ ಬೇರೆ ಏನಾದರೂ? ನೆಗಡಿ ಮಾತ್ರೆ, ಮೈಕೈ ನೋವಿನ ಮಾತ್ರೆಗಳಲ್ಲೂ ಪ್ಯಾರಸಿಟಮಾಲ್ ಬೆರೆತಿರುತ್ತದೆ, ರೋಗಿಗೆ ಅದು ಗೊತ್ತಿರುವುದಿಲ್ಲ. ಹಲ್ಲುನೋವಿಗೆ ಎರಡು ದಿನ ಸಿಕ್ಕಿದ್ದೆಲ್ಲ ನುಂಗಿ ಬರುವವರು ಇದೇ ಜಾತಿ. ಅಂಥವರಿಗೆ ಮುಂದೆ ಹೇಳುವ ಚಾರ್ಟ್ ಲೆಕ್ಕ ಬರುವುದಿಲ್ಲ. ರಕ್ತದಲ್ಲಿ ಪ್ಯಾರಸಿಟಮಾಲ್ ಇನ್ನೂ ಇದೆಯೇ, ಎಸ್‌ಜಿಪಿಟಿ ಏರಿದೆಯೇ ನೋಡಿ ತೀರ್ಮಾನಿಸುತ್ತಾರೆ, ಅನುಮಾನವಿದ್ದರೆ ಎನ್‌ಎಸಿ ಶುರು ಮಾಡುತ್ತಾರೆ.

ಇನ್ನು ಇದ್ದಿಲು. ತಗೊಂಡು ಒಂದು ಗಂಟೆಯೊಳಗೆ ಬಂದರೆ, ಪ್ರಜ್ಞೆ ಚೆನ್ನಾಗಿದ್ದರೆ, ಆಕ್ಟಿವೇಟೆಡ್ ಚಾರ್ಕೋಲ್ 50 ಗ್ರಾಂ ಕುಡಿಸುತ್ತಾರೆ. ನಮ್ಮ ರೋಗಿಗೆ ಸುಮಾರು ಆರು ಗಂಟೆ ಆಗಿದೆ, ಬಿಟ್ಟುಬಿಡಿ.

ಹೆಜ್ಜೆ 2: ರಕ್ತ ತೆಗೆಯಿರಿ, ಆದರೆ ರಿಪೋರ್ಟಿಗೆ ಕಾಯುತ್ತಾ ಎಂಟು ಗಂಟೆ ದಾಟಿಸಬೇಡಿ

4 ಗಂಟೆಗೆ, ಅಂದರೆ ತಗೊಂಡ 6 ಗಂಟೆಗೆ, ರಕ್ತ ತೆಗೆದರು. ಪ್ಯಾರಸಿಟಮಾಲ್ ಮಟ್ಟ, ಎಸ್‌ಜಿಪಿಟಿ, ರಕ್ತ ಹೆಪ್ಪುಗಟ್ಟುವುದು ಎಷ್ಟು ತಡವಾಗುತ್ತಿದೆ ಎಂದು ಹೇಳುವ ಐಎನ್‌ಆರ್, ಕಿಡ್ನಿಯ ಸ್ಥಿತಿ ಹೇಳುವ ಕ್ರಿಯೇಟಿನಿನ್, ಸಕ್ಕರೆ.

ಪ್ಯಾರಸಿಟಮಾಲ್ ಮಟ್ಟವನ್ನು ಓದಲು ರುಮ್ಯಾಕ್ ಮತ್ತು ಮ್ಯಾಥ್ಯೂ 1975ರಲ್ಲಿ ಕೊಟ್ಟ ಚಾರ್ಟ್ ಇದೆ. ಈಗ ಹೆಚ್ಚು ಕಡೆ ಬಳಸುವ ಗೆರೆ ತಗೊಂಡ 4ನೇ ಗಂಟೆಗೆ ಮಿ.ಲೀ.ಗೆ 150 ಮೈಕ್ರೋಗ್ರಾಂನಿಂದ ಶುರುವಾಗಿ ಪ್ರತಿ 4 ಗಂಟೆಗೆ ಅರ್ಧವಾಗುತ್ತಾ ಇಳಿಯುತ್ತದೆ. 8ನೇ ಗಂಟೆಗೆ 75, 12ನೇ ಗಂಟೆಗೆ 37.5. ಮಟ್ಟ ಗೆರೆಯ ಮೇಲಿದ್ದರೆ ಎನ್‌ಎಸಿ ಬೇಕು. ಬ್ರಿಟನ್ನಿನಲ್ಲಿ 2012ರಿಂದ 100ರ ಗೆರೆ ಬಳಸುತ್ತಾರೆ. ನಾಲ್ಕು ಗಂಟೆಗೆ ಮುಂಚೆ ತೆಗೆದ ರಕ್ತವನ್ನು ಈ ಚಾರ್ಟಿಗೆ ಹಾಕಬಾರದು, ಮಾತ್ರೆ ಇನ್ನೂ ಹೊಟ್ಟೆಯಿಂದ ರಕ್ತಕ್ಕೆ ಇಳಿಯುತ್ತಿರುತ್ತದೆ. ಲ್ಯಾಬ್ ಕೊಟ್ಟ ಯೂನಿಟ್ ಯಾವುದು ಅಂತಲೂ ಕಣ್ಣಿಟ್ಟು ನೋಡಿ. ಲೀಟರ್‌ಗೆ ಮಿ.ಗ್ರಾಂ ಅಂದರೂ ಮಿ.ಲೀ.ಗೆ ಮೈಕ್ರೋಗ್ರಾಂ ಅಂದರೂ ಒಂದೇ ಸಂಖ್ಯೆ, ಆದರೆ ಮೈಕ್ರೋಮೋಲ್‌ನಲ್ಲಿ ಬಂದರೆ ಅದೇ 150 ಸುಮಾರು 1000 ಆಗಿ ಕಾಣುತ್ತದೆ.

ನಮ್ಮ ಊರುಗಳ ಕಷ್ಟ ಬೇರೆಯೇ. ಈ ಪರೀಕ್ಷೆ ಎಷ್ಟೋ ಆಸ್ಪತ್ರೆಗಳಲ್ಲಿ ಇಲ್ಲ, ಸ್ಯಾಂಪಲ್ ಹೊರಗೆ ಹೋಗಿ ಬರಬೇಕು. ನಮ್ಮ ಕೇಸ್‌ನಲ್ಲಿ ಲ್ಯಾಬ್‌ನವರು "9 ಗಂಟೆಗೆ ಸಿಗುತ್ತೆ ಸಾರ್" ಅಂದರು. ಅಷ್ಟರಲ್ಲಿ 11 ಗಂಟೆ ಕಳೆದಿರುತ್ತದೆ. ತಗೊಂಡ 8 ಗಂಟೆಯೊಳಗೆ ಎನ್‌ಎಸಿ ಶುರುವಾದರೆ ಲಿವರ್ ಹೆಚ್ಚೂಕಡಿಮೆ ಪೂರ್ತಿ ಉಳಿಯುತ್ತದೆ, ಆಮೇಲೆ ತಡವಾದಷ್ಟೂ ರಕ್ಷಣೆ ಕುಸಿಯುತ್ತದೆ. ಗ್ಲುಟಾಥಯೋನ್ ತಳ ಮುಟ್ಟಲು ಅಷ್ಟು ಹೊತ್ತು ಬೇಕು ಎಂಬುದೇ ಈ ಎಂಟರ ಹಿಂದಿನ ಗುಟ್ಟು. ಹಾಗಾಗಿ ರಿಪೋರ್ಟ್ ತಡವಾಗುವುದಾದರೆ ಮೊದಲು ಡ್ರಿಪ್ ಹಾಕಿ. ಆಮೇಲೆ ಮಟ್ಟ ಗೆರೆಯ ಕೆಳಗೆ ಬಂದು, ಎಸ್‌ಜಿಪಿಟಿಯೂ ಸರಿ ಇದ್ದರೆ ನಿಲ್ಲಿಸಿದರಾಯಿತು, ಸುಮ್ನೆ ಸ್ವಲ್ಪ ಔಷಧಿ ದಂಡ.

ಹೆಜ್ಜೆ 3: ಮೂರು ಬ್ಯಾಗಿನ ಲೆಕ್ಕ

ಹಳೆಯ, ಹೆಚ್ಚು ಕಡೆ ಬಳಕೆಯಲ್ಲಿರುವ ಕ್ರಮ 21 ಗಂಟೆಯದು. ಮೊದಲ ಒಂದು ಗಂಟೆಯಲ್ಲಿ ಕೆಜಿಗೆ 150 ಮಿ.ಗ್ರಾಂ, ಮುಂದಿನ 4 ಗಂಟೆಯಲ್ಲಿ ಕೆಜಿಗೆ 50, ಆಮೇಲಿನ 16 ಗಂಟೆಯಲ್ಲಿ ಕೆಜಿಗೆ 100. ಒಟ್ಟು 300. ಮೊದಲು ಉಗ್ರಾಣಕ್ಕೆ ಒಂದು ದೊಡ್ಡ ಲೋಡ್ ಇಳಿಸಿ, ಆಮೇಲೆ ನ್ಯಾಪ್ಕಿ ಹುಟ್ಟುತ್ತಿರುವಷ್ಟು ಕಾಲ ಸಣ್ಣಗೆ ಸರಬರಾಜು ಮಾಡುವ ಯೋಚನೆ.

ಇಂಜೆಕ್ಷನ್ ಮಿ.ಲೀ.ಗೆ 200 ಮಿ.ಗ್ರಾಂ ಇರುತ್ತದೆ, ಅಂದರೆ 5 ಮಿ.ಲೀ. ಆಂಪೂಲ್‌ನಲ್ಲಿ 1 ಗ್ರಾಂ. 50 ಕೆಜಿಗೆ ಲೆಕ್ಕ ಹಾಕಿ. ಮೊದಲ ಬ್ಯಾಗ್: 7.5 ಗ್ರಾಂ, ಅಂದರೆ 37.5 ಮಿ.ಲೀ., 200 ಮಿ.ಲೀ. 5% ಡೆಕ್ಸ್ಟ್ರೋಸ್‌ನಲ್ಲಿ. ಎರಡನೆಯದು: 2.5 ಗ್ರಾಂ, 12.5 ಮಿ.ಲೀ., 500 ಮಿ.ಲೀ.ನಲ್ಲಿ, ಗಂಟೆಗೆ ಸುಮಾರು 128 ಮಿ.ಲೀ. ವೇಗ. ಮೂರನೆಯದು: 5 ಗ್ರಾಂ, 25 ಮಿ.ಲೀ., ಒಂದು ಲೀಟರ್‌ನಲ್ಲಿ, ಗಂಟೆಗೆ ಸುಮಾರು 64 ಮಿ.ಲೀ. ಒಟ್ಟು 15 ಆಂಪೂಲ್. ರಾತ್ರಿ ಹೊತ್ತು ಸ್ಟೋರ್‌ನಲ್ಲಿ ಮೂರೇ ಆಂಪೂಲ್ ಇದ್ದರೆ ಮೊದಲ ಬ್ಯಾಗೂ ಆಗುವುದಿಲ್ಲ, ಆದ್ದರಿಂದ ಲೆಕ್ಕವನ್ನು ಮೊದಲೇ ಪೂರ್ತಿ ಮಾಡಿ ತರಿಸಿಕೊಳ್ಳಿ.

ತಪ್ಪುಗಳು ಜಾಸ್ತಿ ನಡೆಯುವುದು ಇಲ್ಲೇ. ಮಿ.ಗ್ರಾಂ ಬರೆಯುವ ಕಡೆ ಮಿ.ಲೀ. ಬರೆಯುವುದು, ದಶಮಾಂಶದ ಚುಕ್ಕಿ ಜಾರುವುದು, ತೂಕವನ್ನು ಕಣ್ಣಂದಾಜಲ್ಲಿ ಹೇಳುವುದು. ಲೆಕ್ಕವನ್ನು ಇಬ್ಬರು ಬೇರೆ ಬೇರೆಯಾಗಿ ಮಾಡಿ ತಾಳೆ ನೋಡಬೇಕು ಅನ್ನುವುದು ನನ್ನ ಹಟ, ಬೈಸಿಕೊಂಡರೂ ಬಿಡುವುದಿಲ್ಲ. ಮಕ್ಕಳ ವಿಷಯದಲ್ಲಿ ಇನ್ನೂ ಹುಷಾರು. ದೊಡ್ಡವರ ಅಳತೆಯ ಡೆಕ್ಸ್ಟ್ರೋಸ್ ನೀರು ಹಾಕಿದರೆ ಸೋಡಿಯಂ ಕುಸಿದು ಫಿಟ್ಸ್ ಬರಬಹುದು, ಅವರಿಗೆ ನೀರಿನ ಪ್ರಮಾಣ ತೂಕದ ಪ್ರಕಾರ ಕಡಿಮೆ.

ಈಗ ಬೇರೆ ಕ್ರಮಗಳೂ ಇವೆ. ಕೆಜಿಗೆ 100 ಮಿ.ಗ್ರಾಂ 2 ಗಂಟೆಯಲ್ಲಿ, ಆಮೇಲೆ 200 ಮಿ.ಗ್ರಾಂ 10 ಗಂಟೆಯಲ್ಲಿ ಕೊಡುವ ಎರಡು ಬ್ಯಾಗಿನ ಕ್ರಮದಲ್ಲಿ ಅಡ್ಡಪರಿಣಾಮ ಕಡಿಮೆ. ನಿಮ್ಮ ಆಸ್ಪತ್ರೆ ಯಾವುದನ್ನು ಅನುಸರಿಸುತ್ತದೋ ಅದನ್ನೇ ಹಿಡಿಯಿರಿ. ಎರಡನ್ನೂ ಬೆರೆಸಿದರೆ ಗೊಂದಲ. ಇಂಜೆಕ್ಷನ್ ಸಿಗದಿದ್ದರೆ ಬಾಯಿಯಿಂದಲೂ ಕೊಡಬಹುದು: ಮೊದಲು ಕೆಜಿಗೆ 140 ಮಿ.ಗ್ರಾಂ, ಆಮೇಲೆ 4 ಗಂಟೆಗೊಮ್ಮೆ 70ರಂತೆ 17 ಸಲ. ಬೇಗ ಶುರುವಾದರೆ ಇದೂ ಚೆನ್ನಾಗಿಯೇ ಕೆಲಸ ಮಾಡುತ್ತದೆ, ತೊಂದರೆ ಅಂದರೆ ವಾಸನೆ ಮತ್ತು ವಾಂತಿ. ಕುಡಿದ ಒಂದು ಗಂಟೆಯೊಳಗೆ ವಾಂತಿಯಾದರೆ ಆ ಡೋಸ್ ಮತ್ತೆ ಕೊಡಬೇಕು.

ಹೆಜ್ಜೆ 4: ಮೊದಲ ಬ್ಯಾಗ್ ಹೋಗುವಾಗ ಪಕ್ಕದಲ್ಲೇ ಇರಿ

4.30ಕ್ಕೆ ಡ್ರಿಪ್ ಶುರುವಾಯಿತು. 4.50ಕ್ಕೆ ರೋಗಿಯ ಮುಖ, ಎದೆ ಕೆಂಪಾಗಿ ತುರಿಕೆ ಬಂತು. ಮನೆಯವರು ಗಾಬರಿ. "ಅಲರ್ಜಿ ಸಾರ್, ನಿಲ್ಲಿಸಿಬಿಡಿ."

ಇದು ಅಲರ್ಜಿಯಂತೆ ಕಾಣುತ್ತದೆ, ಆದರೆ ನಿಜವಾದ ಅಲರ್ಜಿಯಲ್ಲ. ಎನ್‌ಎಸಿ ವೇಗವಾಗಿ ಹೋದಾಗ ಹಿಸ್ಟಮೀನ್ ಬಿಡುಗಡೆಯಾಗಿ ಹೀಗಾಗುತ್ತದೆ, ಅದಕ್ಕೇ ದೊಡ್ಡ ಡೋಸ್ ಇರುವ ಮೊದಲ ಬ್ಯಾಗಿನಲ್ಲೇ ಜಾಸ್ತಿ. ಹಿಂದೆ ಆ ಬ್ಯಾಗನ್ನು 15 ನಿಮಿಷಕ್ಕೆ ಓಡಿಸುತ್ತಿದ್ದರು, ಒಂದು ಗಂಟೆಗೆ ಏರಿಸಿದ್ದು ಇದೇ ಕಾರಣಕ್ಕೆ. ವಿಚಿತ್ರ ಏನೆಂದರೆ ರಕ್ತದಲ್ಲಿ ಪ್ಯಾರಸಿಟಮಾಲ್ ಕಡಿಮೆ ಇರುವವರಿಗೆ ಈ ತೊಂದರೆ ಹೆಚ್ಚು. ಆಸ್ತಮಾ ಇರುವವರ ಮೇಲೂ ಕಣ್ಣಿಡಬೇಕು, ಉಬ್ಬಸ ಬರಬಹುದು.

ಡ್ರಿಪ್ ನಿಲ್ಲಿಸಿ ಏವಿಲ್ ಇಂಜೆಕ್ಷನ್ ಕೊಟ್ಟರು. ಅರ್ಧ ಗಂಟೆಯಲ್ಲಿ ಕೆಂಪು ಇಳಿಯಿತು. 5.20ಕ್ಕೆ ಅರ್ಧ ವೇಗದಲ್ಲಿ ಮತ್ತೆ ಶುರು ಮಾಡಿ 6.40ಕ್ಕೆ ಮುಗಿಸಿದರು. ಬಿಪಿ ಬಿದ್ದರೆ, ಉಸಿರು ಕಟ್ಟಿದರೆ ಅದಕ್ಕೆ ತಕ್ಕ ಚಿಕಿತ್ಸೆ ಕೊಡುತ್ತಾರೆ, ಆಗಲೂ ರೋಗಿ ಸುಧಾರಿಸಿದ ಮೇಲೆ ನಿಧಾನವಾಗಿ ಎನ್‌ಎಸಿಗೆ ವಾಪಸ್ ಬರುತ್ತಾರೆ. ಕೇಸ್ ಶೀಟ್ ಮೇಲೆ ಕೆಂಪು ಇಂಕಿನಲ್ಲಿ "ಎನ್‌ಎಸಿ ಅಲರ್ಜಿ, ಕೊಡಬಾರದು" ಎಂದು ಬರೆದು ಕೈತೊಳೆದುಕೊಳ್ಳುವುದು ಈ ಹೆಜ್ಜೆಯಲ್ಲಿ ಆಗುವ ದೊಡ್ಡ ತಪ್ಪು. ತುರಿಕೆಯಿಂದ ಯಾರೂ ಲಿವರ್ ಕಳಕೊಳ್ಳುವುದಿಲ್ಲ.

9 ಗಂಟೆಗೆ ರಿಪೋರ್ಟ್ ಬಂತು. 6ನೇ ಗಂಟೆಯ ಮಟ್ಟ 160, ಆ ಹೊತ್ತಿಗೆ ಗೆರೆ ಇರುವುದು ಸುಮಾರು 106ರಲ್ಲಿ. ಎಸ್‌ಜಿಪಿಟಿ 28, ಐಎನ್‌ಆರ್ 1. ಕಾಯದೆ ಶುರು ಮಾಡಿದ್ದು ಸರಿಯಾಯಿತು.

ಹೆಜ್ಜೆ 5: 21 ಗಂಟೆ ಮುಗಿದ ಮಾತ್ರಕ್ಕೆ ಎನ್‌ಎಸಿ ನಿಲ್ಲುವುದಿಲ್ಲ

ಇಲ್ಲಿ ಎಡವುವವರು ಬಹಳ. ಮೂರು ಬ್ಯಾಗ್ ಮುಗಿಯಿತು, ಡ್ರಿಪ್ ಸೆಟ್ ಬಿಚ್ಚಿದರು, ಬೆಡ್ ಖಾಲಿ ಮಾಡಿಸಿದರು. ಬ್ಯಾಗಿನ ಲೆಕ್ಕ ಸಾಮಾನ್ಯ ರೋಗಿಗೆ ಹಾಕಿದ್ದು. ಮಾತ್ರೆ ತುಂಬಾ ಜಾಸ್ತಿಯಾಗಿದ್ದರೆ, ತಡವಾಗಿ ಬಂದಿದ್ದರೆ, ನ್ಯಾಪ್ಕಿ ಇನ್ನೂ ಹುಟ್ಟುತ್ತಿರಬಹುದು, ಲಿವರ್ ಇನ್ನೂ ಒದ್ದಾಡುತ್ತಿರಬಹುದು.

ಮೂರನೇ ಬ್ಯಾಗ್ ಮುಗಿಯುವ ಒಂದೆರಡು ಗಂಟೆ ಮುಂಚೆ ಮತ್ತೆ ರಕ್ತ ತೆಗೆಯಬೇಕು. ಪ್ಯಾರಸಿಟಮಾಲ್ ಕಾಣಬಾರದು, ಅಂದರೆ 10ಕ್ಕಿಂತ ಕೆಳಗಿರಬೇಕು. ಎಸ್‌ಜಿಪಿಟಿ ಮಾಮೂಲಿಯಾಗಿರಬೇಕು, ಇಲ್ಲವೇ ಇಳಿಯುತ್ತಿರಬೇಕು. ಐಎನ್‌ಆರ್ ಏರುತ್ತಿರಬಾರದು. ರೋಗಿ ಚೆನ್ನಾಗಿರಬೇಕು. ನಾಲ್ಕೂ ಸರಿ ಇದ್ದರೆ ಮಾತ್ರ ನಿಲ್ಲಿಸುವುದು. ಐಎನ್‌ಆರ್ ವಿಷಯದಲ್ಲಿ ಒಂದು ಸೂಕ್ಷ್ಮ: ಎನ್‌ಎಸಿ ತಾನೇ ಅದನ್ನು 1.2, 1.3ರ ತನಕ ಏರಿಸಬಲ್ಲದು. ಎಸ್‌ಜಿಪಿಟಿ ಅಲುಗಾಡದೆ ಇದೊಂದೇ ಸ್ವಲ್ಪ ಏರಿದ್ದರೆ ಲಿವರ್ ಹೋಯಿತು ಅಂತ ಹೆದರಬೇಕಿಲ್ಲ.

ನಮ್ಮ ರೋಗಿಯ ಮೂರನೇ ಬ್ಯಾಗ್ ಮುಗಿಯಬೇಕಿದ್ದದ್ದು ಮರುದಿನ ನಸುಕಿನ 2.40ಕ್ಕೆ. 1 ಗಂಟೆಯ ರಕ್ತದಲ್ಲಿ ಪ್ಯಾರಸಿಟಮಾಲ್ ಇಲ್ಲ, ಐಎನ್‌ಆರ್ 1.3, ಎಸ್‌ಜಿಪಿಟಿ ಮಾತ್ರ 28ರಿಂದ 210ಕ್ಕೆ ಏರಿದೆ. ನಿಲ್ಲಿಸಲಿಲ್ಲ. ಮೂರನೇ ಬ್ಯಾಗಿನಂಥದೇ ಇನ್ನೊಂದು ಬ್ಯಾಗ್, 5 ಗ್ರಾಂ 16 ಗಂಟೆಗೆ, ಹಾಕಿದರು. ಸಂಜೆ 5ಕ್ಕೆ ಎಸ್‌ಜಿಪಿಟಿ 340. ಮತ್ತೊಂದು ಬ್ಯಾಗ್. ಅದರ ಮರುದಿನ ಬೆಳಿಗ್ಗೆ 9ಕ್ಕೆ 260, ಐಎನ್‌ಆರ್ 1.2. ಇಳಿಯತೊಡಗಿದೆ, 10.40ಕ್ಕೆ ನಿಲ್ಲಿಸಿದರು. ಒಟ್ಟು 25 ಆಂಪೂಲ್, 54 ಗಂಟೆ.

ತಡವಾಗಿ ಬಂದವರಿಗೆ

ಎರಡನೇ ದಿನ ಎಸ್‌ಜಿಪಿಟಿ ಸಾವಿರಗಳಲ್ಲಿ ಇಟ್ಟುಕೊಂಡು ಬಂದವರಿಗೆ ಎನ್‌ಎಸಿ ಕೊಟ್ಟು ಏನು ಪ್ರಯೋಜನ, ನ್ಯಾಪ್ಕಿ ಆಗಲೇ ಅಂಟಿಕೊಂಡಾಯಿತಲ್ಲ? ನ್ಯಾಯವಾದ ಪ್ರಶ್ನೆ. ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯವರು ಇದನ್ನೇ ಪರೀಕ್ಷಿಸಿ 1991ರಲ್ಲಿ ಪ್ರಕಟಿಸಿದರು. ಲಿವರ್ ಫೇಲ್ ಆದ 50 ಜನರಲ್ಲಿ ಅರ್ಧ ಜನಕ್ಕೆ ಎನ್‌ಎಸಿ ಕೊಟ್ಟರು. ಕೊಟ್ಟ 25ರಲ್ಲಿ 12 ಜನ ಬದುಕಿದರು, ಕೊಡದ 25ರಲ್ಲಿ 5 ಜನ. ಇಲ್ಲಿ ಅದು ಮಾಡುವ ಕೆಲಸ ಬೇರೆ. ಹೊಸದಾಗಿ ಕಟ್ಟಿದ ಗ್ಲುಟಾಥಯೋನ್ ಮೈಟೋಕಾಂಡ್ರಿಯಾದೊಳಗೆ ಹುಟ್ಟುವ ಸುಡುವ ಅಣುಗಳನ್ನು ತಣಿಸುತ್ತದೆ, ಹೆಚ್ಚಾದ ಸಿಸ್ಟೀನ್ ಕೋಶಕ್ಕೆ ಇಂಧನವಾಗುತ್ತದೆ, ಅಂಗಾಂಶಗಳಿಗೆ ಆಮ್ಲಜನಕ ತಲುಪುವುದೂ ಸುಧಾರಿಸುತ್ತದೆ. ಸತ್ತ ಕೋಶ ಏಳುವುದಿಲ್ಲ, ಸಾಯಲಿರುವ ಪಕ್ಕದ ಕೋಶ ಉಳಿಯಬಹುದು.

ಇದಕ್ಕೊಂದು ಮಿತಿ ಇದೆ. ಮಾತು ತೊದಲುವುದು, ಮಂಕು ಕವಿಯುವುದು, ಐಎನ್‌ಆರ್ ದಿನದಿನಕ್ಕೆ ಏರುವುದು, ಕ್ರಿಯೇಟಿನಿನ್ ಹೆಚ್ಚುವುದು, ಸಕ್ಕರೆ ಬೀಳುವುದು, ರಕ್ತ ಆಮ್ಲವಾಗುವುದು ಕಂಡರೆ ಎನ್‌ಎಸಿ ಓಡುತ್ತಿರುವಾಗಲೇ ಲಿವರ್ ಕಸಿ ಮಾಡುವ ಕೇಂದ್ರಕ್ಕೆ ಫೋನ್ ಹೋಗಬೇಕು. ನೀರು ಕೊಟ್ಟು ಸರಿಪಡಿಸಿದ ಮೇಲೂ ರಕ್ತದ ಪಿಎಚ್ 7.3ಕ್ಕಿಂತ ಕೆಳಗೆ ಇದ್ದರೆ, ಕಸಿ ಇಲ್ಲದೆ ಉಳಿಯುವ ಸಾಧ್ಯತೆ ತೀರಾ ಕಡಿಮೆ ಎಂದು ಕಿಂಗ್ಸ್ ಕಾಲೇಜಿನ ಮಾನದಂಡ ಹೇಳುತ್ತದೆ. ಜಿಲ್ಲಾ ಆಸ್ಪತ್ರೆಯಿಂದ ಬೆಂಗಳೂರಿಗೆ ಆಂಬ್ಯುಲೆನ್ಸ್ ಹೊರಡಿಸಲು ರೋಗಿ ಪೂರ್ತಿ ಪ್ರಜ್ಞೆ ತಪ್ಪುವ ತನಕ ಕಾಯುವುದು ಬೇಡ, ಮಾತು ತೊದಲುವ ಮುಂಚೆಯೇ ಹೊರಟರೆ ದಾರಿಯಲ್ಲಿ ಕಷ್ಟ ಕಡಿಮೆ.

ನಮ್ಮ ರೋಗಿಗೆ ಅದ್ಯಾವುದೂ ಬೇಕಾಗಲಿಲ್ಲ. ನಾಲ್ಕನೇ ದಿನ ಎಸ್‌ಜಿಪಿಟಿ 120. ಡಿಸ್ಚಾರ್ಜ್‌ಗೆ ಮುಂಚೆ ಮನೋವೈದ್ಯರು ಒಂದು ಗಂಟೆ ಕೂತು ಮಾತಾಡಿದರು, ತಮ್ಮನನ್ನು ಹೊರಗೆ ಕಳಿಸಿ. ಒಂದು ವಾರ ಬಿಟ್ಟು ರಕ್ತ ಪರೀಕ್ಷೆಗೆ ಬರಲು ಹೇಳಿದರು, ಮನೆಯಲ್ಲಿರುವ ಮಾತ್ರೆ ಡಬ್ಬಿಯನ್ನು ಸದ್ಯಕ್ಕೆ ಅಮ್ಮನ ಬೀರುವಿನಲ್ಲಿಟ್ಟು ಬೀಗ ಹಾಕಲು ತಮ್ಮನಿಗೆ ಹೇಳಿದರು.